ಪಕ್ಕದ ಕಾಲಂನಲ್ಲಿ ಯಾರಿದ್ದಾರೆ?

ಗಾಂಧಿ ಬಜಾರಿನಲ್ಲಾಗಲಿ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಾಗಲಿ ಕಾಫಿ ಪುಡಿ ಕೊಳ್ಳುವವರ ಮಾತು ಬಹಳ ಚುಟುಕು. 'ಎಂಬತ್ತು ಇಪ್ಪತ್ತು ಕಾಲು ಕೆ.ಜಿ.', 'ಪೀಬೆರಿ ಅರ್ಧ, ಪ್ಲಾಂಟೇಷನ್ ಎ ಅರ್ಧ, ಚಿಕೋರಿ ಬೇಡ'. ಇಷ್ಟರಲ್ಲೇ ಏನು ಬೇಕು, ಎಷ್ಟು ಬೇಕು, ಏನು ಬೇಡ ಎಲ್ಲವೂ ಬಂತು. ಅಂಗಡಿಯವರೂ ಹಾಗೆಯೇ ಉತ್ತರಿಸುತ್ತಾರೆ. ಆದರೆ ಅದೇ ಅಂಗಡಿ ಒಂದು ಕರಪತ್ರ ಅಚ್ಚು ಹಾಕಿಸಲಿ, ಪೊಟ್ಟಣದ ಹಿಂಬದಿಗೆ 'ನಾವು ಮತ್ತು ಇತರರು' ಎಂಬ ಹೋಲಿಕೆ ಪಟ್ಟಿ ಬರೆಸಲಿ, ಅಂಕಿಗಳು ಮಾಯವಾಗಿ ವಿಶೇಷಣಗಳು ಬಂದು ಕೂರುತ್ತವೆ. ಶುದ್ಧ, ತಾಜಾ, ಗಟ್ಟಿ, ಆರೋಗ್ಯಕರ. ಪಕ್ಕದ ಕಾಲಂನಲ್ಲಿ ಕಲಬೆರಕೆ, ಹಳೆಯದು, ನೀರು ನೀರು, ಹಾನಿಕರ.

ಇಂಥ ಪಟ್ಟಿಯನ್ನು ತಿದ್ದುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ. ಕಾಫಿ ಪುಡಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ಹುರಿದು, ಪುಡಿ ಮಾಡಿ, ಮಿಶ್ರಣ ಮಾಡಿ ಕೊಡುವ ಸಣ್ಣ ವ್ಯಾಪಾರಿಗಳು ಇಂದಿಗೂ ಇದ್ದಾರೆ. ಅವರ ಎದುರಿಗೆ ದೊಡ್ಡ ಕಂಪನಿಗಳ ಪೊಟ್ಟಣಗಳಿವೆ. ಜೊತೆಗೆ, ಈ ಪದಾರ್ಥದಲ್ಲಿ ಹೋಲಿಸಬೇಕಾದ ಮುಖ್ಯ ಸಂಗತಿಯನ್ನು ಕಾನೂನೇ ಲೇಬಲ್ ಮೇಲೆ ಬರೆಸಿಟ್ಟಿದೆ. ಹಾಗಿದ್ದರೂ ಪಟ್ಟಿ ಬರೆಯುವವರು ಅದನ್ನು ಬಿಟ್ಟು ಬೇರೆಲ್ಲ ಬರೆಯುತ್ತಾರೆ.

ಮಲ್ಲೇಶ್ವರದಲ್ಲಿ ಒಂದು ಅಂಗಡಿ ಇದೆ ಎಂದು ಕಲ್ಪಿಸಿಕೊಳ್ಳೋಣ. ಅದು ಮಾರುವುದು ಮುಖ್ಯವಾಗಿ ಎಂಬತ್ತು ಇಪ್ಪತ್ತರ ಪುಡಿ, ಎಂದರೆ ನೂರು ಗ್ರಾಂನಲ್ಲಿ 80 ಗ್ರಾಂ ಕಾಫಿ, 20 ಗ್ರಾಂ ಚಿಕೋರಿ. ಅವರು ಬರೆಸಿಕೊಂಡು ಬಂದ ಪಟ್ಟಿ ಹೀಗಿದೆ:

| | ನಮ್ಮ ಪುಡಿ | ಇತರೆ ಕಂಪನಿಗಳ ಪುಡಿ |
|---|---|---|
| ಕಾಫಿ | 100% ಶುದ್ಧ | ಕಲಬೆರಕೆ |
| ಚಿಕೋರಿ | ಅತಿ ಕಡಿಮೆ | ಅರ್ಧಕ್ಕರ್ಧ |
| ಹುರಿದದ್ದು | ತಾಜಾ ✓ | ತಿಂಗಳುಗಟ್ಟಲೆ ಹಳೆಯದು ✗ |
| ಡಿಕಾಕ್ಷನ್ | ಎರಡು ಪಟ್ಟು ಗಟ್ಟಿ | ನೀರು ನೀರು |
| ಆರೋಗ್ಯಕ್ಕೆ | ಒಳ್ಳೆಯದು ✓ | ಹಾನಿಕರ ✗ |
| ಬೆಲೆ | ಕಡಿಮೆ | ಜಾಸ್ತಿ |

ತಿದ್ದುವವರು ಸಾಮಾನ್ಯವಾಗಿ ಮೊದಲ ಸಾಲಿನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಶುರು ಮಾಡಬೇಕಾದದ್ದು ತಲೆಬರಹದಿಂದ. 'ಇತರೆ ಕಂಪನಿಗಳು' ಅಂದರೆ ಯಾರು? ಹಾಗೆ ಬರೆದರೆ ಯಾರ ಹೆಸರನ್ನೂ ಹೇಳಿದಂತಾಗಲಿಲ್ಲ, ತಂಟೆ ಇಲ್ಲ ಎಂಬುದು ವ್ಯಾಪಾರಿಯ ಲೆಕ್ಕ. ನಿಜವಾಗಿ ಆಗುವುದು ತಿರುಗುಮುರುಗು. ಹೆಸರು ಹೇಳಿದ್ದರೆ ಒಂದು ಪುಡಿಯ ಬಗ್ಗೆ ರುಜುವಾತು ಸಾಕಿತ್ತು. 'ಇತರೆ' ಅಂದದ್ದರಿಂದ ಮಾರುಕಟ್ಟೆಯಲ್ಲಿರುವ ಪ್ರತಿಯೊಂದು ಪುಡಿಯ ಬಗ್ಗೆಯೂ ಆ ಮಾತು ನಿಜವಾಗಬೇಕು. ಎದುರು ಬೀದಿಯಲ್ಲೇ ಚಿಕೋರಿ ಹಾಕದ ಪುಡಿ ಮಾರುವವರು ಒಬ್ಬರಿದ್ದರೂ 'ಅರ್ಧಕ್ಕರ್ಧ' ಸುಳ್ಳಾಯಿತು.

ಹೆಸರು ಹೇಳದಿರುವುದರಿಂದ ಗುರುತು ಮರೆಯಾಗುವುದೂ ಇಲ್ಲ. ಬಟ್ಟೆಗೆ ಹಾಕುವ ನೀಲಿಯ ವಿಚಾರದಲ್ಲಿ 1990ರ ದಶಕದಲ್ಲಿ ಕಲ್ಕತ್ತಾ ಹೈಕೋರ್ಟಿಗೆ ಹೋದ ಒಂದು ಮೊಕದ್ದಮೆ ಈ ಬಾಬತ್ತಿನಲ್ಲಿ ಇಂದಿಗೂ ಉದ್ಧೃತವಾಗುತ್ತದೆ. ಉಜಾಲಾ ಜಾಹೀರಾತಿನಲ್ಲಿ ಪ್ರತಿಸ್ಪರ್ಧಿಯ ಹೆಸರಿರಲಿಲ್ಲ. ಆದರೆ ತೋರಿಸಿದ ಸೀಸೆಯ ಆಕಾರ ಮತ್ತು ಹತ್ತು ರೂಪಾಯಿ ಬೆಲೆ ಎರಡೂ ರಾಬಿನ್ ಬ್ಲೂ ಕಡೆಗೇ ಬೆರಳು ಮಾಡುತ್ತಿದ್ದವು. ಅದೇ ತೀರ್ಪಿನಿಂದ ಬಂದ ಸೂತ್ರ ಸರಳವಾಗಿದೆ: ನನ್ನ ಸರಕು ಎಲ್ಲಕ್ಕಿಂತ ಉತ್ತಮ ಎಂದು ಕೊಚ್ಚಿಕೊಳ್ಳಬಹುದು, ಅವರಿಗಿಂತ ಯಾವುದರಲ್ಲಿ ಮೇಲು ಎಂದು ಹೋಲಿಸಿ ಹೇಳಬಹುದು, ಅವರ ಸರಕು ಕೆಟ್ಟದ್ದು ಎನ್ನುವಂತಿಲ್ಲ. ಚ್ಯವನಪ್ರಾಶದ ಇತ್ತೀಚಿನ ಜಗಳ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಪತಂಜಲಿಯವರು '40 ಗಿಡಮೂಲಿಕೆಗಳ ಸಾಧಾರಣ ಚ್ಯವನಪ್ರಾಶ ಏಕೆ' ಎಂಬ ಅರ್ಥದ ಜಾಹೀರಾತು ಕೊಟ್ಟಾಗ ಡಾಬರ್ ದೆಹಲಿ ಹೈಕೋರ್ಟಿಗೆ ಹೋಯಿತು. 2025ರ ಜುಲೈನಲ್ಲಿ ತಡೆ ಬಂತು. ಸೆಪ್ಟೆಂಬರಿನಲ್ಲಿ ಮೇಲ್ಮನವಿಯ ಪೀಠ 'ಸಾಧಾರಣ' ಎಂಬ ಮಾತನ್ನು ಇಟ್ಟುಕೊಳ್ಳಲು ಬಿಟ್ಟಿತು, 40 ಮೂಲಿಕೆಗಳ ಉಲ್ಲೇಖವನ್ನು ತೆಗೆಸಿತು. ಒಬ್ಬರ ಮೇಲೆ ಬೆರಳು ಮಾಡುತ್ತಿದ್ದದ್ದು ಆ ಅಂಕಿ.

ಹಾಗಾದರೆ ಪಕ್ಕದ ಕಾಲಂನಲ್ಲಿ ಯಾರನ್ನು ಕೂರಿಸಬೇಕು? ಮೂರು ದಾರಿಗಳಿವೆ. ಒಂದು, ನಿರ್ದಿಷ್ಟ ಬ್ರ್ಯಾಂಡಿನ ನಿರ್ದಿಷ್ಟ ಪುಡಿಯನ್ನು ಹೆಸರಿಸುವುದು: ಯಾವ ಬಗೆ, ಎಷ್ಟು ಗ್ರಾಂ ಪೊಟ್ಟಣ, ಯಾವ ತಿಂಗಳಲ್ಲಿ ಕೊಂಡದ್ದು. ಪ್ರಾಮಾಣಿಕ ಹೋಲಿಕೆಗಾಗಿ ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಹೇಳಲು 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಅವಕಾಶವಿದೆ. ಅದರ ಕೀರ್ತಿಯನ್ನು ಅನ್ಯಾಯವಾಗಿ ಬಳಸಿಕೊಳ್ಳಬಾರದು, ಅದಕ್ಕೆ ಮಸಿ ಬಳಿಯಬಾರದು. ಆದ್ದರಿಂದ ಹೆಸರನ್ನು ಸಾದಾ ಅಕ್ಷರದಲ್ಲಿ ಬರೆದರೆ ಸಾಕು, ಅವರ ಲೋಗೋ ಮತ್ತು ಪೊಟ್ಟಣದ ಬಣ್ಣದ ಚಿತ್ರ ಬೇಡ. ಎರಡು, ಲೇಬಲ್ಲಿನಲ್ಲಿರುವ ಒಂದು ಅಂಕಿಯಿಂದಲೇ ಗುಂಪನ್ನು ಗುರುತಿಸುವುದು: 'ಅರವತ್ತು ನಲವತ್ತರ ಮಿಶ್ರಣ'. ಯಾರೇ ಮಾರಲಿ, ಆ ಅನುಪಾತವಿದ್ದರೆ ಮಾತು ನಿಜ. ಇಲ್ಲದಿದ್ದರೆ ಅವರು ಈ ಕಾಲಂನಲ್ಲೇ ಇಲ್ಲ. ಮೂರು, ನಿಮ್ಮದೇ ಇನ್ನೊಂದು ಪುಡಿಯೊಂದಿಗೆ ಹೋಲಿಸುವುದು. ಸಣ್ಣ ಅಂಗಡಿಗೆ ಎರಡನೆಯದು ಸಲೀಸು. ಮೊದಲನೆಯದಕ್ಕೆ ಆಗಾಗ ಎದುರಿನವರ ಪೊಟ್ಟಣ ತಂದು ನೋಡುವ ಶಿಸ್ತು ಬೇಕು. ಅದಿಲ್ಲದವರು ಆ ದಾರಿಗೆ ಹೋಗದಿರುವುದೇ ವಾಸಿ.

ಒಂದು ಎಚ್ಚರಿಕೆ. ಜಾಹೀರಾತು ಉದ್ಯಮ 1985ರಲ್ಲಿ ತಾನೇ ಕಟ್ಟಿಕೊಂಡ ಎಎಸ್‌ಸಿಐ ಎಂಬ ಸಂಸ್ಥೆಯ ಸಂಹಿತೆ ಹೋಲಿಕೆಯನ್ನು ಬೇಡವೆನ್ನುವುದಿಲ್ಲ. ಆದರೆ ಹೋಲಿಸುವ ವಿಷಯವನ್ನು ಜಾಹೀರಾತುದಾರನಿಗೆ ಕೃತಕ ಲಾಭವಾಗುವಂತೆ ಆರಿಸಬಾರದು ಎನ್ನುತ್ತದೆ. ಎದುರಿನ ಕಂಪನಿ ಎಂಬತ್ತು ಇಪ್ಪತ್ತನ್ನೂ ಮಾರುತ್ತದೆ, ಅರವತ್ತು ನಲವತ್ತನ್ನೂ ಮಾರುತ್ತದೆ ಎನ್ನಿ. ಅದರ ಹೆಸರು ಹಾಕಿ, ಅರವತ್ತು ನಲವತ್ತನ್ನು ಮಾತ್ರ ಪಕ್ಕಕ್ಕಿಟ್ಟರೆ ಪ್ರತಿಯೊಂದು ಅಂಕಿಯೂ ಸರಿ, ಪಟ್ಟಿ ಮಾತ್ರ ಮೋಸ.

ಇನ್ನು ಕಾಫಿ ಮತ್ತು ಚಿಕೋರಿಯ ಸಾಲುಗಳು. ಈ ಎರಡೂ ಒಂದೇ ಸಾಲಾಗಬೇಕು. ಚಿಕೋರಿ ಒಂದು ಗಿಡದ ಬೇರು, ಒಣಗಿಸಿ ಹುರಿದು ಪುಡಿ ಮಾಡಿದ್ದು. ನಮ್ಮ ಆಹಾರ ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ತೂಕದ ಲೆಕ್ಕದಲ್ಲಿ ಕನಿಷ್ಠ ಶೇ 51 ಕಾಫಿ ಇರಬೇಕು, ಎರಡರ ಶೇಕಡಾವಾರನ್ನೂ ಲೇಬಲ್ಲಿನ ಮೇಲೆ ಘೋಷಿಸಬೇಕು. ಹಾಗೆ ಘೋಷಿಸಿ ಬೆರೆಸಿದ ಚಿಕೋರಿ ಕಲಬೆರಕೆಯಲ್ಲ. ಕಲಬೆರಕೆ ಎಂಬುದು ಬಯ್ಗುಳ ಮಾತ್ರವಲ್ಲ, ಅಪರಾಧದ ಆರೋಪ. ಅದನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿದವರು ನಾಳೆ ಸಾಬೀತು ಮಾಡಬೇಕಾಗುತ್ತದೆ. ತಮಾಷೆಯೆಂದರೆ ಈ ಅಂಗಡಿಯ ಪುಡಿಯಲ್ಲೂ ಶೇ 20 ಚಿಕೋರಿ ಇದೆ!

ಅದೇ ಕಾರಣಕ್ಕೆ ಎಡಗಡೆಯ '100% ಶುದ್ಧ' ಕೂಡ ನಿಲ್ಲುವುದಿಲ್ಲ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ಮಾಡಿದ ನಿಯಮಗಳಲ್ಲಿ ಶುದ್ಧ, ತಾಜಾ, ಸಹಜ, ಸಾಂಪ್ರದಾಯಿಕ ಮೊದಲಾದ ಮಾತುಗಳನ್ನು ಯಾವಾಗ ಬಳಸಬಹುದು ಎಂಬುದಕ್ಕೆ ಷರತ್ತುಗಳಿವೆ. 'ಶುದ್ಧ' ಎನ್ನಬೇಕಾದರೆ ಅದು ಒಂದೇ ಪದಾರ್ಥದ ಆಹಾರವಾಗಿರಬೇಕು, ಅದಕ್ಕೆ ಏನನ್ನೂ ಸೇರಿಸಿರಬಾರದು. ಚಿಕೋರಿ ಇಲ್ಲದ ಪುಡಿಗೆ ಸಲ್ಲಬಹುದಾದ ಮಾತು ಎಂಬತ್ತು ಇಪ್ಪತ್ತಕ್ಕೆ ಸಲ್ಲದು. '100%' ಎಂಬ ಅಂಕಿಯನ್ನು ಆಹಾರದ ಲೇಬಲ್, ಜಾಹೀರಾತುಗಳಲ್ಲಿ ಬಳಸಬೇಡಿ ಎಂದು ಎಫ್‌ಎಸ್‌ಎಸ್‌ಎಐ 2025ರ ಮೇ ತಿಂಗಳಲ್ಲಿ ಸಲಹೆಯನ್ನೂ ಹೊರಡಿಸಿದೆ. 2018ರ ನಿಯಮಗಳಲ್ಲೇ ಇನ್ನೊಂದು ಮಾತಿದೆ: ನಿಮ್ಮ ಸರಕನ್ನು ಮಾರುವುದಕ್ಕಾಗಿ ಇನ್ನೊಬ್ಬ ತಯಾರಕನ ಸರಕನ್ನು ಕೀಳುಗಳೆಯುವಂತಿಲ್ಲ. ಬಲಗಡೆಯ ಕಾಲಂ ಬರೆಯುವವರು ನೆನಪಿಟ್ಟುಕೊಳ್ಳಬೇಕಾದ ನಿಯಮ ಇದು.

ಈಗ ಅಂಕಿಗಳನ್ನೇ ಬರೆಯೋಣ. ನಮ್ಮಲ್ಲಿ ಶೇ 80 ಕಾಫಿ, ಅವರಲ್ಲಿ ಶೇ 60. ವ್ಯತ್ಯಾಸ ಎಷ್ಟು? 'ಶೇ 20ರಷ್ಟು ಹೆಚ್ಚು ಕಾಫಿ' ಎಂದು ಒಬ್ಬರು ಬರೆಯುತ್ತಾರೆ, 'ಶೇ 33ರಷ್ಟು ಹೆಚ್ಚು' ಎಂದು ಇನ್ನೊಬ್ಬರು. ಎಂಬತ್ತರಿಂದ ಅರವತ್ತನ್ನು ಕಳೆದರೆ ಇಪ್ಪತ್ತು. ಆ ಇಪ್ಪತ್ತನ್ನು ಅರವತ್ತಕ್ಕೆ ಹೋಲಿಸಿದರೆ ಮೂರನೇ ಒಂದು ಪಾಲು. ಮೊದಲನೆಯದು ಸಡಿಲ ಭಾಷೆ, ಎರಡನೆಯದು ಸರಿ, ಆದರೆ ಓದುಗ ತಡವರಿಸುತ್ತಾನೆ. ಗ್ರಾಂನಲ್ಲಿ ಬರೆದುಬಿಡಿ: 'ಅರ್ಧ ಕೆ.ಜಿ.ಯಲ್ಲಿ ಕಾಫಿ 400 ಗ್ರಾಂ, ಚಿಕೋರಿ 100 ಗ್ರಾಂ'. ಪಕ್ಕದಲ್ಲಿ 'ಕಾಫಿ 300 ಗ್ರಾಂ, ಚಿಕೋರಿ 200 ಗ್ರಾಂ'. ಇದಕ್ಕೆ ಯಾರೂ ತಕರಾರು ತೆಗೆಯಲಾರರು. 'ಅತಿ ಕಡಿಮೆ' ಎನ್ನುವುದಕ್ಕಿಂತ ಈ 100 ಗ್ರಾಂ ಗಿರಾಕಿಯನ್ನು ಹೆಚ್ಚು ಸೆಳೆಯುತ್ತದೆ ಎಂಬುದು ನನ್ನ ಅನುಭವ.

ಅವರ ಅಂಕಿ ಎಲ್ಲಿಂದ ಬಂತು ಎಂಬುದೂ ಮುಖ್ಯ. ಲೇಬಲ್ಲಿನಿಂದಲೇ ಬರಬೇಕು. 'ಲೇಬಲ್ ಅರವತ್ತು ಅನ್ನುತ್ತೆ, ಒಳಗಿರೋದು ಐವತ್ತೂ ಇಲ್ಲ ಸ್ವಾಮಿ' ಎನ್ನುವ ವ್ಯಾಪಾರಿಗಳಿದ್ದಾರೆ. ಇರಬಹುದು, ಆದರೆ ಅದನ್ನು ಪಟ್ಟಿಯಲ್ಲಿ ಬರೆಯುವ ಮಾತಲ್ಲ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದ್ದರಿಂದ ಲ್ಯಾಬಿನಲ್ಲಿ ಕೆಫೀನ್ ಅಳೆಸಿದರೆ ಗುಟ್ಟು ರಟ್ಟಾಗುತ್ತದೆ ಎಂದು ಕೆಲವರು ನಂಬಿದ್ದಾರೆ. ಅರೇಬಿಕಾ ಬೀಜದಲ್ಲಿ ಸುಮಾರು ಶೇ 1.2, ರೊಬಸ್ಟಾದಲ್ಲಿ ಸುಮಾರು ಶೇ 2.2 ಕೆಫೀನ್ ಇರುತ್ತದೆ. ಬರೇ ಅರೇಬಿಕಾ ಹಾಕಿದ ಎಂಬತ್ತು ಇಪ್ಪತ್ತಕ್ಕಿಂತ ರೊಬಸ್ಟಾ ಹಾಕಿದ ಅರವತ್ತು ನಲವತ್ತರಲ್ಲೇ ಕೆಫೀನ್ ಹೆಚ್ಚು ಬರಬಹುದು. ಒಂದು ಅಂಕಿಯಿಂದ ಅನುಪಾತ ತಿಳಿಯುವುದಿಲ್ಲ. ನಿಜವಾಗಿ ಅನುಮಾನವಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬೇಕು. ಪಟ್ಟಿಯಲ್ಲಿ 'ಲೇಬಲ್ ಪ್ರಕಾರ' ಎಂಬ ಎರಡು ಪದ ಸೇರಿಸಿ ಮುಂದೆ ಹೋಗಿ.

ಡಿಕಾಕ್ಷನ್ನಿನ ಸಾಲು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಇಲ್ಲಿ ವ್ಯಾಪಾರಿ ನಂಬಿದ್ದೇ ತಪ್ಪಾಗಿರುವ ಸಾಧ್ಯತೆ ಇದೆ. ಹುರಿದ ಕಾಫಿಯಲ್ಲಿ ನೀರಿಗೆ ಕರಗುವ ಅಂಶ ಸುಮಾರು ಮೂರನೇ ಒಂದು ಭಾಗಕ್ಕಿಂತ ಹೆಚ್ಚಿರುವುದಿಲ್ಲ. ಚಿಕೋರಿಯಲ್ಲಿ ಅದು ಅರ್ಧಕ್ಕೂ ಮೀರಿರುತ್ತದೆ. ನಮ್ಮ ಹಿತ್ತಾಳೆ ಫಿಲ್ಟರಿನಲ್ಲಿ ಹಾಕಿದರೆ ಚಿಕೋರಿ ಜಾಸ್ತಿ ಇರುವ ಪುಡಿಯ ಡಿಕಾಕ್ಷನ್ನೇ ಕಪ್ಪಗೆ, ಮಂದವಾಗಿ ಇಳಿಯುತ್ತದೆ. ಹಾಗಿರುವಾಗ ಕಡಿಮೆ ಚಿಕೋರಿಯ ಪುಡಿಯವರು 'ಎರಡು ಪಟ್ಟು ಗಟ್ಟಿ, ಅವರದು ನೀರು ನೀರು' ಎಂದು ಬರೆದರೆ, ಎದುರಿನವರು ಎರಡು ಲೋಟ ಪಕ್ಕಪಕ್ಕ ಇಟ್ಟು ತೋರಿಸಿದರೂ ಸಾಕು, ಪಟ್ಟಿ ಮುಗಿಯಿತು. ಇದನ್ನು ಪರೀಕ್ಷಿಸಲು ಖರ್ಚೇನಿಲ್ಲ. ಒಂದೇ ಅಳತೆಯ ಎರಡು ಫಿಲ್ಟರ್, ಎರಡಕ್ಕೂ ತೂಗಿ ಹಾಕಿದ 30 ಗ್ರಾಂ ಪುಡಿ, ಕುದಿ ಬಂದ 150 ಮಿಲಿಲೀಟರ್ ನೀರು, ಒಂದೇ ಹೊತ್ತು ಇಳಿಯಲು ಬಿಡುವುದು. ಕೊನೆಗೆ ಇಳಿದ ಡಿಕಾಕ್ಷನ್ ಅಳೆದು, ಬಣ್ಣ ನೋಡಿ, ಹಾಲು ಬೆರೆಸಿ ರುಚಿ ನೋಡುವುದು. ಕುಡಿಯುವವರಿಗೆ ಯಾವ ಲೋಟ ಯಾರದೆಂದು ಗೊತ್ತಿರಬಾರದು. ಒಂದೇ ಸಲ ಮಾಡಿ ಬಿಟ್ಟರೆ ಅದಕ್ಕೆ ಬೆಲೆಯಿಲ್ಲ. ಪುಡಿಯನ್ನು ಅದುಮಿದ ಬಿಗಿ ಬದಲಾದರೆ ಇಳಿಯುವ ವೇಗವೇ ಬದಲಾಗುತ್ತದೆ. ಇಷ್ಟೆಲ್ಲ ಮಾಡಿ ಬಂದ ಫಲಿತಾಂಶವನ್ನು 'ಎರಡು ಪಟ್ಟು' ಎಂದು ಹೇಳಲು ಬಹುಶಃ ಬರುವುದಿಲ್ಲ. ನನ್ನ ಸಲಹೆ, ಹೋಲಿಕೆಯನ್ನು ಕೈಬಿಟ್ಟು ಪುಡಿಯ ಅಳತೆಯನ್ನು ಹೇಳುವುದು: 'ಎರಡು ಲೋಟಕ್ಕೆ ಇಷ್ಟು ಗ್ರಾಂ ಹಾಕಿ'. ಇನ್ನೊಂದು ಕಡೆಯ ಡಿಕಾಕ್ಷನ್ ಮಂದವಾಗಿರುತ್ತದೆ ಎಂದು ಒಪ್ಪಿಕೊಂಡು ಬರೆದರಂತೂ ಆ ಪಟ್ಟಿಯನ್ನು ಜನ ನಂಬುತ್ತಾರೆ.

'ಒಂದು ಲೋಟಕ್ಕೆ' ಎಂದು ಬರೆಯುವಾಗ ಬರುವ ತೊಡಕನ್ನು ಹಾರ್ಲಿಕ್ಸ್ ಮತ್ತು ಕಾಂಪ್ಲಾನ್ ನಡುವಿನ ವ್ಯಾಜ್ಯ ಚೆನ್ನಾಗಿ ತೋರಿಸುತ್ತದೆ. ಒಂದು ಕಪ್ ಕಾಂಪ್ಲಾನಿನಲ್ಲಿ ಎರಡು ಕಪ್ ಹಾರ್ಲಿಕ್ಸಿನಷ್ಟು ಪ್ರೋಟೀನ್ ಇದೆ ಎಂಬುದು ಜಾಹೀರಾತಿನ ಮಾತು. ಲೆಕ್ಕ ಹಾಕಿದರೆ ತಪ್ಪೇನಿರಲಿಲ್ಲ. ಕಾಂಪ್ಲಾನ್ ಒಂದು ಸಲಕ್ಕೆ ಹೇಳಿದ ಪ್ರಮಾಣ 33 ಗ್ರಾಂ, ಅದರಲ್ಲಿ 5.94 ಗ್ರಾಂ ಪ್ರೋಟೀನ್. ಹಾರ್ಲಿಕ್ಸಿನದು 27 ಗ್ರಾಂ, ಅದರಲ್ಲಿ 2.97 ಗ್ರಾಂ, ಎರಡು ಕಪ್ಪಿಗೆ ಅದೇ 5.94. ಆದರೆ ಒಂದು ಕಪ್ಪಿಗೆ 33 ಗ್ರಾಂ, ಇನ್ನೊಂದಕ್ಕೆ 27 ಗ್ರಾಂ ಎಂಬುದು ನೋಡುವವನಿಗೆ ತಿಳಿಯಬೇಕಲ್ಲ? ಟಿ.ವಿ. ಜಾಹೀರಾತಿನಲ್ಲಿ ಆ ಮಾತು ಹಿನ್ನೆಲೆ ಧ್ವನಿಯಲ್ಲಿ ಇರಲಿಲ್ಲ, ಪರದೆಯ ಮೇಲಿನ ಸಣ್ಣ ಅಕ್ಷರಕ್ಕೆ ಸೀಮಿತವಾಗಿತ್ತು. 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಅದರ ಪ್ರಸಾರಕ್ಕೆ ತಡೆ ಕೊಟ್ಟಿತು. ಗ್ರಾಂಗೆ ಗ್ರಾಂ ಹೋಲಿಸಿದರೆ ವ್ಯತ್ಯಾಸ ನೂರಕ್ಕೆ 18 ಮತ್ತು 11 ಗ್ರಾಂ. ದೊಡ್ಡದೇ, ಆದರೆ ಎರಡು ಪಟ್ಟಲ್ಲ. ಕಾಫಿ ಪುಡಿಯವರು ಕಲಿಯಬೇಕಾದದ್ದು, ಎರಡೂ ಕಾಲಂಗಳಲ್ಲಿ ಅಳತೆಗೋಲು ಒಂದೇ ಇರಬೇಕು, ಅದು ಅಂಕಿಯ ಪಕ್ಕದಲ್ಲೇ ಕೂರಬೇಕು. ಅಳತೆಗೋಲು ಬೇರೆಯಿದ್ದರೆ ಆ ಬೇರೆತನವನ್ನೇ ದೊಡ್ಡದಾಗಿ ಹೇಳಬೇಕು.

ಸಣ್ಣಕ್ಷರದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನಮ್ಮೂರಿನ ಪೊಟ್ಟಣಗಳಲ್ಲಿ ಒಂದು ಅಭ್ಯಾಸವಿದೆ: ದೊಡ್ಡ ಮಾತು ಕನ್ನಡದಲ್ಲಿ, ನಕ್ಷತ್ರ ಚಿಹ್ನೆಯ ಕೆಳಗಿನ ಷರತ್ತು ಇಂಗ್ಲಿಷಿನಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇದನ್ನು ಒಪ್ಪುವುದಿಲ್ಲ. ಷರತ್ತು ಹೇಳಿಕೆಯ ಭಾಷೆಯಲ್ಲೇ ಇರಬೇಕು, ಅದೇ ಅಕ್ಷರದಲ್ಲಿರಬೇಕು, ಕಣ್ಣಿಗೆ ಬೀಳುವ ಕಡೆ ಇರಬೇಕು. ಮುಖ್ಯ ಮಾತನ್ನೇ ತಿರುಗಿಸಿಬಿಡುವ ಷರತ್ತಿಗೆ ಅವಕಾಶವೇ ಇಲ್ಲ. '100% ಶುದ್ಧ*' ಎಂದು ಬರೆದು ಕೆಳಗೆ 'ಚಿಕೋರಿ ಹೊರತುಪಡಿಸಿ' ಎಂದರೆ ಅದು ಸ್ಪಷ್ಟೀಕರಣವಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹತ್ತು ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ ಐವತ್ತು ಲಕ್ಷದವರೆಗೆ ದಂಡಕ್ಕೆ ಅವಕಾಶವಿದೆ. ಸಣ್ಣ ಅಂಗಡಿಯ ಬಾಗಿಲಿಗೆ ಅದಕ್ಕೂ ಮೊದಲು ಬರುವುದು ಎದುರಿನ ಕಂಪನಿಯ ವಕೀಲರ ನೋಟಿಸು.

ತಾಜಾತನದ ಸಾಲು. 'ತಿಂಗಳುಗಟ್ಟಲೆ ಹಳೆಯದು' ಎಂಬುದು ಯಾವುದೋ ಒಂದು ಪೊಟ್ಟಣಕ್ಕೆ ನಿಜವಿರಬಹುದು, ಅಂಗಡಿಯ ಕಪಾಟಿನ ಮುಂದಿನ ಪೊಟ್ಟಣಕ್ಕೆ ಇರಲಿಕ್ಕಿಲ್ಲ. ನಿಮ್ಮ ಬಲ ನಿಜವಾಗಿ ಎಲ್ಲಿದೆ ಎಂದು ನೋಡಿ. ವಾರದಲ್ಲಿ ಎಷ್ಟು ಸಲ ಹುರಿಯುತ್ತೀರಿ, ಹುರಿದ ದಿನಾಂಕವನ್ನು ಪೊಟ್ಟಣದ ಮೇಲೆ ಹಾಕುತ್ತೀರಾ, ಗಿರಾಕಿಯ ಎದುರಿಗೇ ಪುಡಿ ಮಾಡುತ್ತೀರಾ? ಇವು ನೋಡಿ ತಿಳಿಯಬಹುದಾದ ಸಂಗತಿಗಳು. ಪಕ್ಕದ ಕಾಲಂನಲ್ಲಿ ✗ ಹಾಕುವುದು ಮಾತ್ರ ಬೇಡ. ಆ ಗುರುತಿಗೆ ಮೂರು ಅರ್ಥ ಬರುತ್ತದೆ: ಅವರು ಹಾಗೆ ಮಾಡುವುದಿಲ್ಲ; ಮಾಡುತ್ತಾರೋ ಇಲ್ಲವೋ ನಮಗೆ ಗೊತ್ತಿಲ್ಲ; ಅವರದು ಕೆಟ್ಟದ್ದು. ಪೊಟ್ಟಣಗಳ ಮೇಲೆ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕ ಇದ್ದೇ ಇರುತ್ತದೆ. ಹುರಿದ ದಿನಾಂಕವನ್ನು ಬೇರೆಯಾಗಿ ಹಾಕದಿದ್ದರೆ 'ಹುರಿದ ದಿನಾಂಕ ಲೇಬಲ್ಲಿನಲ್ಲಿ ಇಲ್ಲ' ಎಂದು ಬರೆಯಿರಿ, ಅಷ್ಟೇ. 'ಅರವತ್ತು ನಲವತ್ತರ ಮಿಶ್ರಣ' ಎಂಬ ಗುಂಪಿನೊಂದಿಗೆ ಹೋಲಿಸುವಾಗ ಅದನ್ನೂ ಬರೆಯಲು ಬಾರದು, ಒಬ್ಬೊಬ್ಬರದು ಒಂದೊಂದು ರೀತಿ. ಆಗ ಈ ಸಾಲನ್ನು ಪಟ್ಟಿಯಿಂದ ತೆಗೆದು, ನಿಮ್ಮ ಬಗ್ಗೆ ಮಾತ್ರ ಹೇಳುವ ಒಂದು ವಾಕ್ಯವಾಗಿ ಕೆಳಗೆ ಬರೆಯಬೇಕು.

ಆರೋಗ್ಯದ ಸಾಲನ್ನು ಅಳಿಸಿಬಿಡಿ. ಕಾನೂನು ಒಪ್ಪಿದ ಪದಾರ್ಥವನ್ನು ಹಾನಿಕರ ಎನ್ನುವುದಕ್ಕೆ ಅಂಗಡಿಯಲ್ಲಿ ಯಾವ ಆಧಾರವೂ ಇರುವುದಿಲ್ಲ.

ಬೆಲೆಯ ಸಾಲಿಗೆ ಸ್ವಲ್ಪ ಗಣಿತ ಬೇಕು. ಉದಾಹರಣೆಗೆ, ನಮ್ಮ ಅಂಗಡಿಯ ಅರ್ಧ ಕೆ.ಜಿ.ಗೆ 420 ರೂಪಾಯಿ ಎನ್ನಿ. ಎದುರಿನ ಅರವತ್ತು ನಲವತ್ತರ 200 ಗ್ರಾಂ ಪೊಟ್ಟಣಕ್ಕೆ 150. ನೂರು ಗ್ರಾಂಗೆ ಇಳಿಸಿದರೆ ನಮ್ಮದು 84, ಅವರದು 75. 'ಬೆಲೆ ಕಡಿಮೆ' ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು. ಆಗ ಒಬ್ಬ ಚುರುಕು ಮಾರಾಟಗಾರ ಇನ್ನೊಂದು ಲೆಕ್ಕ ತರುತ್ತಾನೆ: ನಮ್ಮ 84 ರೂಪಾಯಿಗೆ 80 ಗ್ರಾಂ ಕಾಫಿ, ಎಂದರೆ ಗ್ರಾಂ ಕಾಫಿಗೆ ಒಂದು ರೂಪಾಯಿ ಐದು ಪೈಸೆ, ಅವರ 75ಕ್ಕೆ 60 ಗ್ರಾಂ, ಗ್ರಾಂಗೆ ಒಂದೂಕಾಲು ರೂಪಾಯಿ. ಈಗ ನಾವೇ ಅಗ್ಗ! ಲೆಕ್ಕ ಸರಿ, ಆದರೆ ಅದು ಚಿಕೋರಿಗೆ ಬೆಲೆಯೇ ಇಲ್ಲ ಎಂದು ಮೊದಲೇ ತೀರ್ಮಾನಿಸಿಕೊಂಡಿದೆ. ಮಂದ ಡಿಕಾಕ್ಷನ್ ಬೇಕೆಂದೇ ಅರವತ್ತು ನಲವತ್ತು ಕೊಳ್ಳುವವರಿಗೆ ಚಿಕೋರಿ ಬೇಕಾಗಿ ಕೊಂಡ ಪದಾರ್ಥ. ನಾನಾದರೆ ನೂರು ಗ್ರಾಂ ಬೆಲೆಯನ್ನು ಮಾತ್ರ ಹಾಕುತ್ತೇನೆ, ನಮ್ಮದು ಹೆಚ್ಚು ಎಂದೇ ಕಾಣಲಿ. ಮೇಲಿನ ಸಾಲಿನಲ್ಲಿ 400 ಗ್ರಾಂ, 300 ಗ್ರಾಂ ಎಂದಿದೆಯಲ್ಲ, ಭಾಗಿಸಿ ನೋಡಬೇಕೆನ್ನುವವರು ಭಾಗಿಸುತ್ತಾರೆ. ಎರಡು ಕಡೆಯೂ ಎಂ.ಆರ್.ಪಿ.ಯನ್ನೇ ಹೋಲಿಸಬೇಕು, ನಿಮ್ಮ ರಿಯಾಯಿತಿ ಬೆಲೆಯನ್ನು ಅವರ ಎಂ.ಆರ್.ಪಿ. ಎದುರು ಇಡುವಂತಿಲ್ಲ. ಒಂದೇ ತೂಕದ ಪೊಟ್ಟಣ ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ಸಣ್ಣ ಪೊಟ್ಟಣಕ್ಕೆ ಗ್ರಾಂ ಲೆಕ್ಕದಲ್ಲಿ ಬೆಲೆ ಹೆಚ್ಚಿರುವುದು ಸಾಮಾನ್ಯ. ಹಸಿ ಕಾಫಿ ಬೀಜದ ದರ ಏರಿಳಿಯುವ ಕಾಲದಲ್ಲಿ ಬೆಲೆಯ ಸಾಲು ಎಲ್ಲಕ್ಕಿಂತ ಬೇಗ ಸುಳ್ಳಾಗುತ್ತದೆ. ಬೆಲೆಯನ್ನು ಅಚ್ಚಿನ ಕರಪತ್ರದಲ್ಲಿ ಹಾಕದೆ ಅಂಗಡಿಯ ಬೋರ್ಡಿನಲ್ಲಿ ಸೀಮೆಸುಣ್ಣದಿಂದ ಬರೆಯುವುದು ಹಳೆಯ ಪದ್ಧತಿ. ಅದರಲ್ಲಿ ಬುದ್ಧಿವಂತಿಕೆ ಇದೆ.

ಇಷ್ಟು ತಿದ್ದಿದ ಮೇಲೆ ಪಟ್ಟಿ ಹೀಗಾಗುತ್ತದೆ:

| | ನಮ್ಮ 80:20 ಪುಡಿ | ಲೇಬಲ್ ಪ್ರಕಾರ 60:40 ಇರುವ ಮಿಶ್ರಣ |
|---|---|---|
| ಅರ್ಧ ಕೆ.ಜಿ.ಯಲ್ಲಿ ಕಾಫಿ | 400 ಗ್ರಾಂ | 300 ಗ್ರಾಂ |
| ಅರ್ಧ ಕೆ.ಜಿ.ಯಲ್ಲಿ ಚಿಕೋರಿ | 100 ಗ್ರಾಂ | 200 ಗ್ರಾಂ |
| ಡಿಕಾಕ್ಷನ್ | ಕಾಫಿಯ ರುಚಿ ಮುಂದು, ಬಣ್ಣ ತುಸು ತಿಳಿ | ಬಣ್ಣ ಕಪ್ಪು, ಹೆಚ್ಚು ಮಂದ |
| ಯಾರಿಗೆ ಒಪ್ಪುತ್ತದೆ | ಚಿಕೋರಿಯ ರುಚಿ ಕಡಿಮೆ ಬೇಕೆನ್ನುವವರಿಗೆ | ಮಂದ ಡಿಕಾಕ್ಷನ್ ಬೇಕೆನ್ನುವವರಿಗೆ |

ಪಟ್ಟಿಯ ಕೆಳಗೆ, ಅದೇ ಗಾತ್ರದ ಕನ್ನಡದಲ್ಲಿ: 'ವಾರಕ್ಕೆ ಇಂಥ ದಿನಗಳಲ್ಲಿ ಹುರಿಯುತ್ತೇವೆ. ಹುರಿದ ದಿನಾಂಕ ಪೊಟ್ಟಣದ ಮೇಲಿದೆ.' ಹೆಸರು ಹಿಡಿದು ಹೋಲಿಸಿದ್ದರೆ ಜೊತೆಗೆ ಯಾವ ಪೊಟ್ಟಣ, ಯಾವ ತಿಂಗಳು ಎಂಬ ಸಾಲು. ಬೆಲೆಯ ಸಾಲು ಇಲ್ಲಿಲ್ಲ, ಗುಂಪಿಗೆ ಒಂದೇ ಬೆಲೆ ಇರುವುದಿಲ್ಲವಲ್ಲ. ಡಿಕಾಕ್ಷನ್ನಿನ ಸಾಲನ್ನು ನೀವು ಫಿಲ್ಟರಿನಲ್ಲಿ ಇಳಿಸಿ ನೋಡಿದ ಮೇಲೆ ಮಾತ್ರ ಹಾಕಿ. ರೊಬಸ್ಟಾ ಹೆಚ್ಚಿದ್ದರೆ, ಕಡುವಾಗಿ ಹುರಿದಿದ್ದರೆ ನಿಮ್ಮದೂ ತಿಳಿಯಾಗಿರಲಿಕ್ಕಿಲ್ಲ.

'ಎದುರಿನವರನ್ನು ಹೊಗಳಿದಂತಾಯಿತಲ್ಲ' ಎಂದು ಅಂಗಡಿಯವರು ಕೇಳುವುದುಂಟು. ಆರು ಸಾಲಿನಲ್ಲಿ ಆರರಲ್ಲೂ ತಾನೇ ಗೆದ್ದ ಪಟ್ಟಿಯನ್ನು ಓದಿದ ಗಿರಾಕಿ ಅಂಕಿಗಳನ್ನು ನೋಡುವುದನ್ನೇ ಬಿಡುತ್ತಾನೆ. ಅರವತ್ತು ನಲವತ್ತನ್ನು ಇಷ್ಟಪಟ್ಟು ಕುಡಿಯುವವರನ್ನು ಈ ಪಟ್ಟಿ ಒಲಿಸಿಕೊಳ್ಳಲಾರದು, ಒಲಿಸಿಕೊಳ್ಳಬೇಕಾಗಿಯೂ ಇಲ್ಲ. ಚಿಕೋರಿ ಕಡಿಮೆ ಮಾಡೋಣ ಎಂದು ಯೋಚಿಸುತ್ತಿರುವವರು ಇದನ್ನು ಓದಿ ಕಾಲು ಕೆ.ಜಿ. ಕೊಂಡು ನೋಡುತ್ತಾರೆ.

ಕೊನೆಯ ಕೆಲಸ ಕಡತದ್ದು, ಅದನ್ನು ಬಹುತೇಕರು ಮಾಡುವುದಿಲ್ಲ. ಎದುರಿನವರ ಪೊಟ್ಟಣವನ್ನು ಬಿಲ್ ಸಮೇತ ಕೊಂಡುಕೊಳ್ಳಿ. ಅದರ ಎಲ್ಲ ಬದಿಗಳ ಫೋಟೋ ತೆಗೆಯಿರಿ. ಅನುಪಾತ, ತೂಕ, ಎಂ.ಆರ್.ಪಿ., ಬ್ಯಾಚ್ ಸಂಖ್ಯೆ, ದಿನಾಂಕ ಓದುವಂತಿರಬೇಕು. ನಿಮ್ಮ ಅನುಪಾತಕ್ಕೂ ಪುರಾವೆ ಬೇಕು, ಅದನ್ನು ಮರೆಯುವವರೇ ಹೆಚ್ಚು: ಮಿಶ್ರಣ ಮಾಡಿದ ದಿನ ಎಷ್ಟು ಕೆ.ಜಿ. ಕಾಫಿ, ಎಷ್ಟು ಕೆ.ಜಿ. ಚಿಕೋರಿ ತೂಗಿ ಹಾಕಿದಿರಿ ಎಂಬ ಪುಸ್ತಕ, ಬೀಜ ಮತ್ತು ಚಿಕೋರಿ ಕೊಂಡ ಬಿಲ್ಲುಗಳು. ತಿಂಗಳಲ್ಲಿ ಕೊಂಡ ಚಿಕೋರಿಯೇ ಒಟ್ಟು ಮಾರಾಟದ ಶೇ 30 ಇದ್ದರೆ ಎಂಬತ್ತು ಇಪ್ಪತ್ತು ಎಂಬ ಮಾತು ನಿಮ್ಮ ಬಿಲ್ಲಿನಲ್ಲೇ ಮುರಿದು ಬೀಳುತ್ತದೆ. ಪಟ್ಟಿಯ ಪ್ರತಿ ಮನೆಗೂ ಕಡತದಲ್ಲಿ ಒಂದು ಕಾಗದ ಇರಬೇಕು. ಕಾಗದ ಸಿಗದ ಮನೆಯ ಮಾತನ್ನು ತೆಗೆದುಬಿಡುವುದು ಅಚ್ಚಿಗೆ ಹೋಗುವ ಮುಂಚೆ ಒಂದು ಗೆರೆ ಎಳೆಯುವಷ್ಟು ಸುಲಭ, ಐದು ಸಾವಿರ ಪ್ರತಿ ಹಂಚಿದ ಮೇಲೆ ಸುಲಭವಲ್ಲ.

ಹೆಸರು ಹಿಡಿದು ಹೋಲಿಸಿದವರು ಮೂರು ತಿಂಗಳಿಗೊಮ್ಮೆಯಾದರೂ ಹೊಸ ಪೊಟ್ಟಣ ತಂದು ನೋಡಬೇಕು. ಎದುರಿನ ಕಂಪನಿ ಅನುಪಾತ ಬದಲಿಸಿದ ದಿನವೇ ನಿಮ್ಮ ಪಟ್ಟಿ ಹಳತಾಗುತ್ತದೆ, ಅವರು ನಿಮಗೆ ತಿಳಿಸಿ ಬದಲಿಸುವುದಿಲ್ಲ. ಹೊಸ ಪಟ್ಟಿ ಅಚ್ಚಾಗಿ ಬರುವವರೆಗೂ ಕಾಯಬೇಡಿ: 'ಕಲಬೆರಕೆ', 'ಹಾನಿಕರ' ಎಂದಿರುವ ಹಳೆಯ ಕರಪತ್ರದ ಕಟ್ಟು ಗಲ್ಲಾದ ಪಕ್ಕದಲ್ಲಿದ್ದರೆ ಅದನ್ನು ಇವತ್ತೇ ರದ್ದಿಗೆ ಹಾಕಿ.